ಒಂದು ಸುತ್ತಿಗೆ ಎಷ್ಟು ಆರ್ಡರ್?

ಸೋಪು, ಬಾಚಣಿಗೆ, ಮೊಬೈಲ್ ಕವರಿನಂಥ ಸಣ್ಣ ಸಾಮಾನು ಕಳಿಸುವ ಗೋದಾಮಿನಲ್ಲಿ ಕೆಲಸಗಾರರ ಹೊತ್ತು ಹೆಚ್ಚಾಗಿ ಕಳೆಯುವುದು ಸಾಮಾನು ಎತ್ತುವುದರಲ್ಲಲ್ಲ, ನಡೆಯುವುದರಲ್ಲಿ. ದಿನಕ್ಕೆ 600 ಆರ್ಡರ್ ಬರುವ ಗೋದಾಮೊಂದಿದೆ ಎಂದುಕೊಳ್ಳಿ. ಪ್ರತಿ ಆರ್ಡರಿನಲ್ಲೂ ಒಂದೋ ಎರಡೋ ಸಾಮಾನು. ಒಂದು ಆರ್ಡರಿಗೆಂದು ಹೋಗಿಬರಲು 150 ಮೀಟರ್ ನಡೆಯಬೇಕಾದರೆ, ಎಲ್ಲರ ನಡಿಗೆ ಸೇರಿ ದಿನಕ್ಕೆ 90 ಕಿಲೋಮೀಟರ್ ಆಗುತ್ತದೆ.

ಇದನ್ನು ನೇರವಾಗಿ ತಗ್ಗಿಸುವುದು ಬ್ಯಾಚ್ ಪಿಕಿಂಗ್. ಹನ್ನೆರಡು ಖಾನೆಗಳ ತಳ್ಳುಗಾಡಿ ಹಿಡಿದು, ಒಂದೇ ಸುತ್ತಿನಲ್ಲಿ 12 ಆರ್ಡರಿನ ಸಾಮಾನು ತರುವುದು. ಸುತ್ತು 400 ಮೀಟರಿಗೆ ಬೆಳೆದರೂ 50 ಸುತ್ತು ಸಾಕು. ಒಟ್ಟು ನಡಿಗೆ 20 ಕಿಲೋಮೀಟರಿಗೆ ಇಳಿಯುತ್ತದೆ. ಹಾಗಾದರೆ 24 ಖಾನೆ ಇಟ್ಟರೆ? ಎಲ್ಲ ಸಾಲುಗಳನ್ನೂ ಹೊಕ್ಕುಬರುವ 480 ಮೀಟರಿನ 25 ಸುತ್ತು, ಅಂದರೆ 12 ಕಿಲೋಮೀಟರ್. ಮೊದಲ ಹೆಜ್ಜೆಗೆ 70 ಕಿಲೋಮೀಟರ್ ಉಳಿದರೆ ಎರಡನೆಯದಕ್ಕೆ ಉಳಿಯುವುದು ಎಂಟೇ. ಅತ್ತ ಗಾಡಿ ಭಾರವಾಗುತ್ತದೆ, ಸಾಮಾನು ತಪ್ಪು ಖಾನೆಗೆ ಬೀಳುವುದೂ ಹೆಚ್ಚುತ್ತದೆ. ಒಂದು ಆರ್ಡರಿನಲ್ಲಿ ಸಾಮಾನು ಕಡಿಮೆ ಬಿದ್ದು ಅದೇ ಗಾಡಿಯ ಇನ್ನೊಂದರಲ್ಲಿ ಹೆಚ್ಚು ಸಿಕ್ಕರೆ, ಆಗಿರುವ ತಪ್ಪು ಇದೇ. ಸಾಮಾನಿನ ಜೊತೆಗೆ ಖಾನೆಯ ಬಾರ್‌ಕೋಡನ್ನೂ ಸ್ಕ್ಯಾನ್ ಮಾಡಿಸುವುದು ಇದಕ್ಕೆ ಮದ್ದು.

ಒಂದೇ ಸಾಮಾನಿನ ಆರ್ಡರುಗಳಿಗೆ ಖಾನೆಯೂ ಬೇಡ. ಅವನ್ನು ಬೇರೆ ಬ್ಯಾಚಾಗಿಸಿ ಒಂದೇ ಬುಟ್ಟಿಗೆ ತುಂಬಬಹುದು. ಪ್ಯಾಕಿಂಗ್ ಮೇಜಿನಲ್ಲಿ ಸಾಮಾನು ಸ್ಕ್ಯಾನ್ ಮಾಡಿದಾಗ, ಅದನ್ನು ಕೇಳಿದ ಯಾವುದಾದರೂ ಒಂದು ಆರ್ಡರಿನ ವಿಳಾಸ ಅಚ್ಚಾಗಿ ಬಂದರಾಯಿತು.

ಜೋನ್ ಪಿಕಿಂಗಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಭಾಗ ಹಂಚಿರುತ್ತದೆ. ಬುಟ್ಟಿ ಭಾಗದಿಂದ ಭಾಗಕ್ಕೆ ಸಾಗುತ್ತದೆ. ಗೋದಾಮು ತೀರ ದೊಡ್ಡದಾದಾಗ, ಇಲ್ಲವೇ ಸಾಲುಗಳಲ್ಲಿ ಗಾಡಿಗೆ ಗಾಡಿ ಅಡ್ಡ ಬರತೊಡಗಿದಾಗ ಇದು ಬೇಕಾಗುತ್ತದೆ. ಇದರ ತೊಡಕು ಹಂಚಿಕೆಯಲ್ಲಿದೆ. ಬೇಗ ಖರ್ಚಾಗುವ ಸಾಮಾನೆಲ್ಲ ಒಂದೇ ಭಾಗದಲ್ಲಿದ್ದರೆ ಅಲ್ಲಿ ಬುಟ್ಟಿಗಳು ಸಾಲುಗಟ್ಟುತ್ತವೆ, ಪಕ್ಕದ ಭಾಗದವರು ಕೈಕಟ್ಟಿ ನಿಲ್ಲುತ್ತಾರೆ.

ವೇವ್ ಪಿಕಿಂಗ್ ನೋಡುವುದು ಹೊತ್ತನ್ನು. ಸಂಜೆ 6ಕ್ಕೆ ಕೊರಿಯರ್ ಲಾರಿ ಹೊರಡುವುದಾದರೆ, ಅದರಲ್ಲಿ ಹೋಗಬೇಕಾದ ಆರ್ಡರುಗಳನ್ನೆಲ್ಲ ಮೂರೂವರೆಗೆ ಒಟ್ಟಿಗೆ ಕೆಲಸಕ್ಕೆ ಬಿಡುತ್ತಾರೆ. ಆದರೆ ಪ್ರತಿ ವೇವಿನ ಕೊನೆಯಲ್ಲಿ, ಬೇಗ ಮುಗಿಸಿದವರು ಉಳಿದವರಿಗಾಗಿ ಕಾಯಬೇಕಾಗುತ್ತದೆ. ಮೂರೂವರೆಯ ನಂತರ ಬಂದ ಆರ್ಡರು ಮುಂದಿನ ವೇವಿಗೇ.

ಹೀಗಾಗಿ ಈ ಮೂರರಲ್ಲಿ ಒಂದನ್ನೇ ಆರಿಸಬೇಕೆಂದಿಲ್ಲ. ಎಷ್ಟು ಆರ್ಡರ್ ಕೂಡಿಸಬೇಕೆಂಬುದು ಬ್ಯಾಚಿನ ಪ್ರಶ್ನೆ, ಯಾರು ಎಲ್ಲಿ ಎಂಬುದು ಜೋನಿನದು, ಯಾವಾಗ ಎಂಬುದು ವೇವಿನದು. ನಮ್ಮ 600 ಆರ್ಡರಿನ ಗೋದಾಮಿಗೆ ಬ್ಯಾಚ್ ಮೊದಲು. ಆ ಬ್ಯಾಚುಗಳನ್ನು ಲಾರಿಯ ಹೊತ್ತಿಗೆ ಹೊಂದಿಸಿದರೆ ವೇವ್ ತಾನಾಗಿಯೇ ಸೇರಿಕೊಳ್ಳುತ್ತದೆ. ಜೋನ್ ಮಾತ್ರ, ಗಾಡಿಗಳು ಒಂದಕ್ಕೊಂದು ತಾಗುವ ದಿನ ಬಂದಾಗ.