ನನ್ನ ಭಾಗ ತಡವಾಗುತ್ತೆ ಎಂದು ಹೇಳುವುದು

ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟನ್ನು ಸಾಮಾನ್ಯವಾಗಿ ಮೂರು-ನಾಲ್ಕು ಮಂದಿ ಸೇರಿ ಮಾಡುತ್ತಾರೆ. ಒಬ್ಬರ ಕೆಲಸ ಮುಗಿದರಷ್ಟೇ ಇನ್ನೊಬ್ಬರದು ಶುರುವಾಗುವುದರಿಂದ, ಒಬ್ಬರ ತಡ ಎಲ್ಲರ ತಡವಾಗುತ್ತದೆ. ಹಾಗಾಗಿ ತಡದ ಸುದ್ದಿಯನ್ನು ಹೇಳಬೇಕಾದದ್ದು ಕೊಟ್ಟ ಗಡುವು ಮುಗಿದ ಮೇಲಲ್ಲ. ಉಳಿದವರು ತಮ್ಮ ಕೆಲಸವನ್ನು ಹಿಂದುಮುಂದು ಮಾಡಿಕೊಳ್ಳಲು ಇನ್ನೂ ಅವಕಾಶವಿರುವಾಗ.

ಮಣ್ಣಿನ ತೇವ ನೋಡಿ ತಾನಾಗಿಯೇ ನೀರು ಬಿಡುವ ಯಂತ್ರದ ಪ್ರಾಜೆಕ್ಟನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಒಬ್ಬ ಸರ್ಕ್ಯೂಟ್ ಕಟ್ಟುತ್ತಾನೆ, ಇನ್ನೊಬ್ಬ ಮೊಬೈಲ್ ಆ್ಯಪ್ ಬರೆಯುತ್ತಾನೆ, ಮೂರನೆಯವನು ಸೆನ್ಸರ್ ರೀಡಿಂಗ್ ತೆಗೆದು ಗ್ರಾಫ್ ಮಾಡುತ್ತಾನೆ, ನಾಲ್ಕನೆಯವನು ರಿಪೋರ್ಟ್ ಜೋಡಿಸುತ್ತಾನೆ. ಶುಕ್ರವಾರ ರಿವ್ಯೂ, ರೀಡಿಂಗ್ ಮಂಗಳವಾರ ಸಂಜೆಗೆ ಬೇಕು. ಭಾನುವಾರ ಬೆಳಿಗ್ಗೆ ಮೂರನೆಯವನಿಗೆ ಒಂದು ಎಡವಟ್ಟು ಕಾಣುತ್ತದೆ: ಅದೇ ಕುಂಡ, ಅಷ್ಟೇ ನೀರು, ಆದರೆ ನಿನ್ನೆಯ ಅಂಕಿಗೂ ಇವತ್ತಿನದಕ್ಕೂ ತಾಳೆಯಿಲ್ಲ. ಸದಾ ಕರೆಂಟ್ ಹರಿಯುತ್ತಿದ್ದ ಅಗ್ಗದ ಸೆನ್ಸರಿನ ಕಡ್ಡಿಗಳು ಒದ್ದೆ ಮಣ್ಣಿನಲ್ಲಿ ಸವೆದುಹೋಗಿವೆ.

ಹೊಸ ಸೆನ್ಸರ್ ಸೋಮವಾರ ಸಿಗುತ್ತದೆ. ಅದರ ಅಂಕಿ ನಿಜವೇ ಎಂದು ತಿಳಿಯಲು ಮಣ್ಣನ್ನು ತೂಗಿ, 105 ಡಿಗ್ರಿ ಸೆಲ್ಸಿಯಸ್‌ನ ಓವನ್ನಿನಲ್ಲಿ ಸುಮಾರು 24 ಗಂಟೆ ಒಣಗಿಸಿ, ಮತ್ತೆ ತೂಗಬೇಕು. ಆ ಒಂದು ದಿನವನ್ನು ಯಾರು ರಾತ್ರಿಯಿಡೀ ಎದ್ದು ಕೂತರೂ ಕಡಿಮೆ ಮಾಡಲಾಗದು. ಸೋಮವಾರ ಸಂಜೆ ಓವನ್ನಿಗೆ ಹೋದ ಮಣ್ಣು ಮಂಗಳವಾರ ಸಂಜೆ ಹೊರಬರುತ್ತದೆ, ಬುಧವಾರ ರೀಡಿಂಗ್, ರಾತ್ರಿ ಗ್ರಾಫ್. ಹೀಗೆ ಹಂತಹಂತವಾಗಿ ಲೆಕ್ಕ ಹಾಕಿದಾಗ ಮಾತ್ರ ಹೊಸ ದಿನಾಂಕಕ್ಕೆ ಅರ್ಥ.

ಅಂದಾಜಿನಲ್ಲಿ ಹೇಳಿದ ದಿನಾಂಕವನ್ನು ನಂಬುವಂತಿಲ್ಲ ಎನ್ನುವುದಕ್ಕೆ ಆಧಾರವಿದೆ. 1994ರಲ್ಲಿ ಪ್ರಕಟವಾದ ಬ್ಯೂಲರ್, ಗ್ರಿಫಿನ್ ಮತ್ತು ರಾಸ್ ಅವರ ಅಧ್ಯಯನದಲ್ಲಿ, ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ಸರಾಸರಿ 34 ದಿನ ಸಾಕೆಂದಿದ್ದರು. ಹಿಡಿದದ್ದು ಸುಮಾರು 55 ದಿನ. ಒಮ್ಮೆ ತಪ್ಪಿದವರು ಎರಡನೇ ಸಲ ಇನ್ನೂ ಹತ್ತಿರದ ದಿನ ಹೇಳಿಬಿಡುತ್ತಾರೆ, ಸಂಕೋಚ ಹಾಗೆ ಮಾಡಿಸುತ್ತದೆ. ಗೆಳೆಯರ ತಾಳ್ಮೆ ಕೆಡುವುದು ಹೆಚ್ಚಾಗಿ ಈ ಎರಡನೇ ದಿನವೂ ತಪ್ಪಿದಾಗಲೇ. ಆದ್ದರಿಂದ ಬುಧವಾರ ರಾತ್ರಿ ಮುಗಿಯುವ ಕೆಲಸಕ್ಕೆ ಗುರುವಾರ ಬೆಳಿಗ್ಗೆ ಎನ್ನುವುದು ಕ್ಷೇಮ.

ವಾಟ್ಸ್ಯಾಪ್ ಗ್ರೂಪಿಗೆ ಹಾಕುವ ಮಾತು ಹೀಗಿದ್ದರೆ ಸಾಕು: “ರೀಡಿಂಗ್ ಮಂಗಳವಾರ ಆಗಲ್ಲ ಕಣ್ರೋ, ಗುರುವಾರ ಬೆಳಿಗ್ಗೆ ಹತ್ತಕ್ಕೆ ಕೊಡ್ತೀನಿ. ಸೆನ್ಸರ್ ಹಾಳಾಗಿದೆ, ಹೊಸದನ್ನ ಮಣ್ಣು ಒಣಗಿಸಿ ಚೆಕ್ ಮಾಡ್ಬೇಕು. ಟೇಬಲ್ಲು, ಟೆಸ್ಟ್ ಮಾಡಿದ ವಿಧಾನ ಇವತ್ತೇ ಕಳಿಸ್ತೀನಿ, ಅಂಕಿ ಜಾಗ ಮಾತ್ರ ಖಾಲಿ ಇರುತ್ತೆ.” ದಿನ ಮೊದಲು ಬಂದಿದೆ, ಕಾರಣ ಒಂದೇ ಸಾಲು. ಮನೆಯ ಮದುವೆ, ಜ್ವರ, ಕರೆಂಟು ಎಂದು ಪುರಾಣ ತೆಗೆದರೆ ಓದುವವನಿಗೆ ಬೇಕಾದ ದಿನಾಂಕ ಕೆಳಗೆಲ್ಲೋ ಹೂತುಹೋಗುತ್ತದೆ. “ತೊಂಬತ್ತು ಪರ್ಸೆಂಟ್ ಆಗಿದೆ” ಎಂಬ ಉತ್ತರವಂತೂ ಏನನ್ನೂ ತಿಳಿಸುವುದಿಲ್ಲ. ಉಳಿದ ಹತ್ತರಲ್ಲೇ ಆ ಓವನ್ ಇರಬಹುದು.

ಆ ಖಾಲಿ ಟೇಬಲ್ಲಿಗೆ ಬೆಲೆಯಿದೆ. ಅದನ್ನಿಟ್ಟುಕೊಂಡು ನಾಲ್ಕನೆಯವನು ಫಲಿತಾಂಶದ ಅಧ್ಯಾಯದ ಚೌಕಟ್ಟು ಬರೆದಿಡಬಲ್ಲ, ಗುರುವಾರ ಅಂಕಿ ತುಂಬಿದರಾಯಿತು. ಆದರೆ ಆ್ಯಪ್ ಬರೆಯುವವನೂ ಕಾಯುತ್ತಿದ್ದಾನೆ ಎನ್ನುವುದು ಥಟ್ಟನೆ ಹೊಳೆಯುವುದಿಲ್ಲ: ತೇವ ಎಷ್ಟಕ್ಕೆ ಇಳಿದರೆ ಪಂಪ್ ಶುರುವಾಗಬೇಕು ಎಂಬ ಅಂಕಿ ಅವನಿಗೆ ಬೇಕು. ಅವನಿಗೆ ಬೇರೆಯಾಗಿ ಫೋನ್ ಮಾಡಿ, ಸದ್ಯಕ್ಕೆ ಒಂದು ತಾತ್ಕಾಲಿಕ ಅಂಕಿ ಹಾಕಿಕೊಳ್ಳಲು ಹೇಳಬೇಕಾಗುತ್ತದೆ. ಗ್ರೂಪಿನಲ್ಲಿ ನೀಲಿ ಟಿಕ್ ಬಿದ್ದ ಮಾತ್ರಕ್ಕೆ ವಿಷಯ ಮುಟ್ಟಿತು ಎನ್ನಲಾಗದು.

ಇಂಥ ಹೊತ್ತಿನಲ್ಲಿ “ನಾನೂ ಬರ್ತೀನಿ ಬಿಡೋ” ಎಂದು ಯಾರಾದರೂ ಮುಂದೆ ಬರುತ್ತಾರೆ. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಹೊಸಬರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದರು. ಹೊಸಬರಿಗೆ ವಿವರಿಸುವುದೇ ಒಂದು ಕೆಲಸ. ಮಣ್ಣು ತೂಗಲು, ಗ್ರಾಫ್ ಬಿಡಿಸಲು ಇನ್ನೊಂದು ಕೈ ನೆರವಾಗುತ್ತದೆ, ಓವನ್ನಿಗೆ ಆಗದು. ಇನ್ನೊಂದು ಅಡ್ಡದಾರಿಯೆಂದರೆ ರೀಡಿಂಗನ್ನು ಮನಸ್ಸಿನಿಂದಲೇ ತುಂಬುವುದು. ನಿಜವಾದ ಅಳತೆಯಲ್ಲಿ ಇರುವ ಏರುಪೇರು ಅಂಥ ಗ್ರಾಫಿನಲ್ಲಿ ಇರದು. ಅನುಭವಿ ಪರೀಕ್ಷಕರಿಗೆ ಮೊದಲು ಅನುಮಾನ ಬರುವುದು ಅಷ್ಟು ನುಣುಪಾದ ಗೆರೆ ಕಂಡಾಗ.

ಗೈಡ್‌ಗೆ ತಿಳಿಸುವುದು ಕೊನೆಯದು, ಆದರೂ ರಿವ್ಯೂ ದಿನಕ್ಕೆ ಮುಂಚೆ. ಹೊಸ ದಿನಾಂಕದ ಬಗ್ಗೆ ನಾಲ್ವರೂ ಮೊದಲು ಒಪ್ಪಿಕೊಂಡು, ತಡವಾದವನೇ ಹೋಗಿ, ಹಾಳಾದ ಸೆನ್ಸರನ್ನೂ ಹಳೆಯ ರೀಡಿಂಗನ್ನೂ ತೋರಿಸಿದರೆ ಮಾತು ಚಿಕ್ಕದಾಗುತ್ತದೆ. ಆ ಹಳೆಯ ರೀಡಿಂಗನ್ನು ಎಸೆಯಬೇಕಿಲ್ಲ. ಸೆನ್ಸರ್ ಹೇಗೆ ಕೆಟ್ಟಿತು ಎಂಬ ಪ್ಯಾರಾಕ್ಕೆ ಅದೇ ಆಧಾರವಾಗಿ ರಿಪೋರ್ಟಿನಲ್ಲಿ ಸೇರುತ್ತದೆ.