ಕಾವು ಕಾಯುವ ವಾಲ್ವು



ಹಂಡೆಯ ನೀರಿನಲ್ಲಿ ಮಕ್ಕಳಿಗೆ ಜಳಕ ಮಾಡಿಸುವುದು ನಮಗೆಲ್ಲ ಗೊತ್ತು. ಮೊದಲು ಬಕೆಟ್ಟಿಗೆ ತಣ್ಣೀರು ಹಾಕುತ್ತೇವೆ. ಮೇಲೆ ಬಿಸಿನೀರು ಸುರಿಯುತ್ತೇವೆ. ಕೈ ಹಾಕಿ ಕಲಕಿ ನೋಡುತ್ತೇವೆ. ಸುಡುತ್ತದೆ ಅನ್ನಿಸಿದರೆ ಇನ್ನೊಂದು ಚರಿಗಿ ತಣ್ಣೀರು ಹಾಕುತ್ತೇವೆ. ಕೈಗೆ ಹದ ಅನ್ನಿಸಿದ ಮೇಲೆಯೇ ಮಗುವಿನ ಮೈಮೇಲೆ ನೀರು ಬೀಳುತ್ತದೆ.

ಈಗ ನಮ್ಮ ತೇರದಾಳದ ಮನೆಗಳ ಮಾಳಿಗೆ ಮೇಲೆ ಸೋಲಾರ ಬಂದಿದೆ. ಬಚ್ಚಲಲ್ಲಿ ಶಾವರ್ ಬಂದಿದೆ. ಬಿಸಿನೀರು, ತಣ್ಣೀರು ಗೋಡೆಯ ನಳದೊಳಗೇ ಬೆರೆತು ತಲೆಯ ಮೇಲೆ ಬೀಳುತ್ತದೆ. ಇಲ್ಲಿ ಕೈ ಹಾಕಿ ನೋಡಲು ಬಕೆಟ್ ಇಲ್ಲ. ಮೊದಲು ಹದವಾಗಿದ್ದ ನೀರು ನಡುವೆ ಒಮ್ಮೆಲೇ ಸುಡಬಹುದು. ಅದು ಯಾಕೆ? ಅದನ್ನು ತಡೆಯುವುದು ಹೇಗೆ? ನೋಡೋಣ.

ಕರೆಂಟ್ ಹೋದಾಗ ಏನಾಯಿತು?

ಒಂದು ಮನೆ ಅಂತ ತಿಳಿಯೋಣ. ಸೊಸೆ ಬಚ್ಚಲಲ್ಲಿ ಶಾವರಿನ ಕೆಳಗೆ ಮಗುವಿಗೆ ಜಳಕ ಮಾಡಿಸುತ್ತಿದ್ದಾಳೆ. ಊರಲ್ಲಿ ಕರೆಂಟ್ ಹೋಯಿತು. ಮರುಕ್ಷಣವೇ ಮಗು ಚೀರಿತು.

"ಅತ್ತಿ, ನೀರ ಒಮ್ಮಿಗೇ ಸುಡಾಕ ಹತ್ತೈತ್ರಿ!"

ಅತ್ತೆಗೆ ಆಶ್ಚರ್ಯ. "ಸೋಲಾರಕ್ಕೂ ಕರೆಂಟಿಗೂ ಏನ ಸಂಬಂಧವ್ವಾ?"

ಸಂಬಂಧ ಇದೆ. ಆ ಮನೆಯವರು ಶಾವರಿನ ನೀರು ಜೋರಾಗಿ ಬರಲಿ ಅಂತ ತಣ್ಣೀರಿನ ಪೈಪಿಗೆ ಒಂದು ಸಣ್ಣ ಪಂಪು ಹಾಕಿಸಿದ್ದರು. ಬಿಸಿನೀರಿಗೆ ಪಂಪು ಇಲ್ಲ. ಅದು ಸೋಲಾರಿನಿಂದ ತಾನೇ ಇಳಿದು ಬರುತ್ತದೆ. ಹೀಗಾಗಿ ತಣ್ಣೀರಿನ ಜೋರು ಬೇರೆ, ಬಿಸಿನೀರಿನ ಜೋರು ಬೇರೆ. ಈ ಜೋರಿಗೇ ಒತ್ತಡ ಅನ್ನುತ್ತೇವೆ.

ಕರೆಂಟ್ ಹೋಯಿತು. ಪಂಪು ನಿಂತಿತು. ತಣ್ಣೀರು ಸಣ್ಣಗಾಯಿತು. ಬಿಸಿನೀರು ಮಾತ್ರ ಬರುತ್ತಲೇ ಇತ್ತು.

ಚರಿಗಿಯ ಲೆಕ್ಕ

ಇದನ್ನು ಚರಿಗಿಯ ಲೆಕ್ಕದಲ್ಲಿ ನೋಡೋಣ. ಸೋಲಾರಿನ ನೀರು 65 ಡಿಗ್ರಿ ಕಾದಿದೆ. ತೊಟ್ಟಿಯ ತಣ್ಣೀರು 25 ಡಿಗ್ರಿ ಇದೆ. 3 ಚರಿಗಿ ಬಿಸಿನೀರಿಗೆ 5 ಚರಿಗಿ ತಣ್ಣೀರು ಬೆರೆಸಿದರೆ 40 ಡಿಗ್ರಿ ಆಗುತ್ತದೆ. ಇದು ಜಳಕಕ್ಕೆ ಹದವಾದ ನೀರು.

ಈಗ ಬಿಸಿನೀರು ಅದೇ 3 ಚರಿಗಿ. ತಣ್ಣೀರು ಮಾತ್ರ 5ರಿಂದ 1 ಚರಿಗಿಗೆ ಇಳಿಯಿತು. ಆಗ ನೀರಿನ ಕಾವು 55 ಡಿಗ್ರಿಗೆ ಏರುತ್ತದೆ. ತಣ್ಣೀರು ಪೂರ್ತಿ ನಿಂತರೆ ಬೀಳುವುದು ಬರೀ 65 ಡಿಗ್ರಿಯ ನೀರೇ.

55 ಡಿಗ್ರಿಯ ನೀರು ಸುಮಾರು ಅರ್ಧ ನಿಮಿಷ ಬಿದ್ದರೆ ದೊಡ್ಡವರ ಚರ್ಮ ಆಳವಾಗಿ ಸುಡುತ್ತದೆ. 60 ಡಿಗ್ರಿಯ ನೀರಾದರೆ ಸುಮಾರು 5 ಸೆಕೆಂಡು ಸಾಕು. ಮಕ್ಕಳ ಚರ್ಮ ತೆಳು. ಅವರಿಗೆ ಇನ್ನೂ ಬೇಗ ಸುಡುತ್ತದೆ. ವಯಸ್ಸಾದವರು ಬೇಗ ಪಕ್ಕಕ್ಕೆ ಸರಿಯಲಾರರು. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಸುಟ್ಟದ್ದೇ ತಿಳಿಯದೆ ಹೋಗಬಹುದು.

ಪಂಪು ಇಲ್ಲದ ಮನೆಯಲ್ಲೂ ಹೀಗಾಗುತ್ತದೆ. ಅಡುಗೆಮನೆಗೂ ಬಚ್ಚಲಿಗೂ ತಣ್ಣೀರಿನ ಪೈಪು ಒಂದೇ ಇದ್ದರೆ ಸಾಕು. ಒಬ್ಬರು ಜಳಕ ಮಾಡುವಾಗ ಇನ್ನೊಬ್ಬರು ಪಾತ್ರೆ ತೊಳೆಯಲು ನಳ ಬಿಡುತ್ತಾರೆ. ಬಚ್ಚಲಿನ ತಣ್ಣೀರು ಸಣ್ಣಗಾಗುತ್ತದೆ.

ವಾಲ್ವಿನೊಳಗೆ ಮೇಣ

ಇದನ್ನು ತಡೆಯಲು ಒಂದು ವಾಲ್ವು ಇದೆ. ಅದರ ಹೆಸರು ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವು. ಹೆಸರು ಉದ್ದ. ನಾವು ಅದನ್ನು ಕಾವು ಕಾಯುವ ವಾಲ್ವು ಅನ್ನೋಣ. ಇದಕ್ಕೆ ಕರೆಂಟ್ ಬೇಡ.

ಇದಕ್ಕೆ ಮೂರು ಬಾಯಿ. ಒಂದರಿಂದ ಬಿಸಿನೀರು ಬರುತ್ತದೆ. ಇನ್ನೊಂದರಿಂದ ತಣ್ಣೀರು ಬರುತ್ತದೆ. ಮೂರನೆಯದರಿಂದ ಬೆರೆತ ನೀರು ಶಾವರಿಗೆ ಹೋಗುತ್ತದೆ. ನೀರು ಬೆರೆಯುವ ಜಾಗದಲ್ಲಿ ಒಂದು ಪುಟ್ಟ ಲೋಹದ ಡಬ್ಬಿ ಇರುತ್ತದೆ. ಹಲವು ವಾಲ್ವುಗಳಲ್ಲಿ ಈ ಡಬ್ಬಿಯೊಳಗೆ ಮೇಣ ತುಂಬಿರುತ್ತಾರೆ.

ಮೇಣ ಕಾದರೆ ಹಿಗ್ಗುತ್ತದೆ, ಆರಿದರೆ ಕುಗ್ಗುತ್ತದೆ. ಬೆರೆತ ನೀರು ಹೆಚ್ಚು ಬಿಸಿಯಾದರೆ ಮೇಣ ಹಿಗ್ಗಿ ಒಂದು ಕಡ್ಡಿಯನ್ನು ತಳ್ಳುತ್ತದೆ. ಆ ಕಡ್ಡಿ ಬಿಸಿನೀರಿನ ಬಾಯಿಯನ್ನು ಕಿರಿದು ಮಾಡುತ್ತದೆ, ತಣ್ಣೀರಿನ ಬಾಯಿಯನ್ನು ಅಗಲ ಮಾಡುತ್ತದೆ. ನೀರು ತಣ್ಣಗಾದರೆ ಮೇಣ ಕುಗ್ಗುತ್ತದೆ. ಆಗ ಸ್ಪ್ರಿಂಗ್ ಕಡ್ಡಿಯನ್ನು ಹಿಂದಕ್ಕೆ ತಳ್ಳುತ್ತದೆ. ಬಕೆಟ್ಟಿಗೆ ನಾವು ಕೈ ಹಾಕಿ ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ಮೇಣ ಮಾಡುತ್ತದೆ.

ತಣ್ಣೀರು ಪೂರ್ತಿ ನಿಂತುಹೋದರೆ? ಮೇಣ ಪೂರ್ತಿ ಹಿಗ್ಗಿ ಬಿಸಿನೀರಿನ ಬಾಯಿಯನ್ನು ಮುಚ್ಚಿಬಿಡುತ್ತದೆ. ಕೆಲವೇ ಸೆಕೆಂಡಿನಲ್ಲಿ ಶಾವರ್ ನಿಲ್ಲುತ್ತದೆ, ಇಲ್ಲವೇ ಹನಿ ಹನಿ ಬೀಳುತ್ತದೆ. ಮೈಗೆ ಸೋಪು ಹಚ್ಚಿಕೊಂಡು ನಿಂತವರಿಗೆ ತೊಂದರೆಯೇ. ಆದರೆ ಮೈ ಸುಡುವುದಿಲ್ಲ.

ವಾಲ್ವು ತಂದರೆ ಮುಗಿಯಿತೇ?

ಮುಗಿಯಲಿಲ್ಲ. ನಮ್ಮ ಕಥೆಯ ಮನೆಗೆ ನಳದ ಮಿಸ್ತ್ರಿ ಬಂದ ಅಂತ ತಿಳಿಯೋಣ. ಅವನು ಮೊದಲು ಪಂಪನ್ನೇ ನೋಡಿದ.

"ಅಕ್ಕಾರ, ಒಂದ ಕಡೆ ಪಂಪಿನ ಜೋರ ಐತಿ, ಒಂದ ಕಡೆ ಇಲ್ಲ. ಹಿಂಗಿದ್ರ ವಾಲ್ವು ಹಾಕಿದ್ರೂ ಸರಿಯಾಗಿ ಕೆಲಸ ಮಾಡೂದಿಲ್ರಿ."

ಅವನ ಮಾತು ನಿಜ. ಎರಡೂ ನೀರಿನ ಒತ್ತಡದಲ್ಲಿ ಸ್ವಲ್ಪ ವ್ಯತ್ಯಾಸ ಇದ್ದರೆ ವಾಲ್ವು ತಾಳುತ್ತದೆ. ಬಹಳ ಇದ್ದರೆ ತಾಳುವುದಿಲ್ಲ. ಜೋರಾದ ತಣ್ಣೀರು ಬಿಸಿನೀರಿನ ಪೈಪಿನೊಳಗೆ ಹಿಂದಕ್ಕೆ ನುಗ್ಗುತ್ತದೆ. ಆಗ ಸೋಲಾರ ಕಾದಿದ್ದರೂ ಶಾವರಿನಲ್ಲಿ ಬಿಸಿನೀರು ಬರುವುದಿಲ್ಲ. ಜನ ಸೋಲಾರ ಕೆಟ್ಟಿದೆ ಅಂದುಕೊಳ್ಳುತ್ತಾರೆ.

"ಹಂಗಾರ ಸೋಲಾರಕ್ಕೂ ಪಂಪ ಹಚ್ಚೂನು," ಎಂದಳು ಅತ್ತೆ.

"ಬ್ಯಾಡ್ರಿ ಅಕ್ಕಾರ. ನಿಮ್ಮ ಸೋಲಾರಿನ ಡ್ರಮ್ಮು ಪಂಪಿನ ಜೋರ ತಡಿಯೂದಲ್ಲ. ಒಡದ ಹೋಗತೈತಿ."

ಕೊನೆಗೆ ಅವನು ಮೂರು ಕೆಲಸ ಮಾಡಿದ. ಮೊದಲನೆಯದು, ಬಚ್ಚಲಿನ ತಣ್ಣೀರಿನ ಪೈಪಿನಿಂದ ಪಂಪು ತೆಗೆದ. ಸೋಲಾರಿಗೆ ನೀರು ಕೊಡುವ ಮಾಳಿಗೆಯ ತೊಟ್ಟಿಯಿಂದಲೇ ಬಚ್ಚಲಿಗೆ ಬೇರೆ ತಣ್ಣೀರಿನ ಪೈಪು ಇಳಿಸಿದ. ಈಗ ಎರಡೂ ನೀರು ಒಂದೇ ತೊಟ್ಟಿಯ ಎತ್ತರದಿಂದ ಬರುತ್ತವೆ. ಒತ್ತಡ ಹತ್ತಿರ ಹತ್ತಿರ ಸಮ. ಅಡುಗೆಮನೆಯ ನಳ ಬಿಟ್ಟರೂ ಬಚ್ಚಲಿನ ನೀರು ಕದಲುವುದಿಲ್ಲ.

ಎರಡನೆಯದು, ವಾಲ್ವಿನ ಎರಡೂ ಬಾಯಿಗೆ ಒಂದೊಂದು ಒಮ್ಮುಖ ವಾಲ್ವು ಹಾಕಿದ. ಇದರಲ್ಲಿ ನೀರು ಮುಂದಕ್ಕೆ ಮಾತ್ರ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಕಸ ತಡೆಯಲು ಸಣ್ಣ ಜಾಳಿಗಳನ್ನೂ ಹಾಕಿದ.

ಮೂರನೆಯದು, ಕಡಿಮೆ ಒತ್ತಡಕ್ಕೆ ಹೊಂದುವ ವಾಲ್ವನ್ನೇ ತರಿಸಿದ. ತೊಟ್ಟಿಯ ತಳ ಶಾವರಿಗಿಂತ 10 ಮೀಟರ್ ಎತ್ತರ ಇದ್ದರೆ ಒತ್ತಡ ಸುಮಾರು 1 ಬಾರ್ ಆಗುತ್ತದೆ. ಒಂದಂತಸ್ತಿನ ಮನೆಯಲ್ಲಿ ತೊಟ್ಟಿ ಶಾವರಿಗಿಂತ ಒಂದೂವರೆ, ಎರಡು ಮೀಟರ್ ಮೇಲಿರುತ್ತದೆ ಅಷ್ಟೇ. ಅಂದರೆ ಒತ್ತಡ 0.15ರಿಂದ 0.2 ಬಾರ್. ಪಂಪಿನ ನೀರಿಗೆ ಮಾಡಿದ ವಾಲ್ವು ಇಲ್ಲಿ ಹಾಕಿದರೆ ಶಾವರಿನ ನೀರು ನೂಲಿನಂತೆ ಬರುತ್ತದೆ. ಎಷ್ಟು ಒತ್ತಡ ಬೇಕು ಅಂತ ವಾಲ್ವಿನ ಡಬ್ಬಿಯ ಮೇಲೆ ಅಥವಾ ಒಳಗಿನ ಚೀಟಿಯಲ್ಲಿ ಬರೆದಿರುತ್ತಾರೆ. ದುಡ್ಡು ಕೊಡುವ ಮೊದಲು ಅದನ್ನು ನಾವೇ ಓದಬೇಕು.

ನಾವೇ ಪರೀಕ್ಷೆ ಮಾಡೋಣ

ಮಿಸ್ತ್ರಿ ಹೋಗುವ ಮೊದಲು ಎರಡು ಪರೀಕ್ಷೆ ಮಾಡಿಸಬೇಕು.

ಒಂದು, ಬೆರೆತ ನೀರಿನ ಕಾವು ಅಳೆಯಬೇಕು. 38ರಿಂದ 40 ಡಿಗ್ರಿ ಇದ್ದರೆ ಸರಿ. ಜ್ವರ ನೋಡುವ ಗಾಜಿನ ಕಡ್ಡಿ ಇದಕ್ಕೆ ಬೇಡ. ಅದು 42 ಡಿಗ್ರಿವರೆಗೆ ಮಾತ್ರ ತೋರಿಸುತ್ತದೆ. ಹೆಚ್ಚು ಬಿಸಿನೀರಿನಲ್ಲಿ ಇಟ್ಟರೆ ಒಡೆಯಬಹುದು.

ಎರಡು, ಶಾವರ್ ಬಿಟ್ಟು ತಣ್ಣೀರಿನ ಪೈಪನ್ನು ಬಂದ್ ಮಾಡಬೇಕು. ಶಾವರಿನ ಕೆಳಗೆ ಯಾರೂ ನಿಲ್ಲಬಾರದು. 5 ಸೆಕೆಂಡಿನೊಳಗೆ ನೀರು ನಿಲ್ಲಬೇಕು ಅಥವಾ ಹನಿಗೆ ಇಳಿಯಬೇಕು. ಬಿಸಿನೀರು ಸುರಿಯುತ್ತಲೇ ಇದ್ದರೆ ವಾಲ್ವು ಸರಿಯಿಲ್ಲ. ಬಿಸಿ ಪೈಪು, ತಣ್ಣೀರಿನ ಪೈಪು ಅದಲು ಬದಲಾಗಿದ್ದರೂ ಹೀಗಾಗುತ್ತದೆ. ಇನ್ನೊಂದು ಮಾತು. ಈ ಪರೀಕ್ಷೆಯ ದಿನ ಸೋಲಾರಿನ ನೀರು ಚೆನ್ನಾಗಿ ಕಾದಿರಬೇಕು. ಬೆಚ್ಚಗಿನ ನೀರಿನಲ್ಲಿ ಮೇಣ ಪೂರ್ತಿ ಹಿಗ್ಗುವುದಿಲ್ಲ.

ಈ ಎರಡನೆಯ ಪರೀಕ್ಷೆಯನ್ನು 6 ತಿಂಗಳಿಗೊಮ್ಮೆ ಮಾಡಬೇಕು. ಬೋರಿನ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಸುಣ್ಣದಂಥ ಬಿಳಿ ಪದರು ಕಟ್ಟುತ್ತದಲ್ಲ, ಅದೇ ಪದರು ವಾಲ್ವಿನೊಳಗೂ ಕಟ್ಟುತ್ತದೆ. ಕಡ್ಡಿ ಅಲ್ಲೇ ಹಿಡಿದುಕೊಳ್ಳುತ್ತದೆ. ನೀರು ದಿನಕ್ಕೊಂದು ಕಾವಿನಲ್ಲಿ ಬಂದರೆ, ಅಥವಾ ಮೊದಲಿಗಿಂತ ಸಣ್ಣಗೆ ಬಂದರೆ, ಪದರು ಕಟ್ಟಿದೆ ಅಂತ ತಿಳಿಯಬೇಕು. ಮಿಸ್ತ್ರಿಯಿಂದ ಬಿಚ್ಚಿಸಿ, ಜಾಳಿ ತೊಳೆಸಿ, ಪದರು ತೆಗೆಸಬೇಕು. ಆಮೇಲೆ ಮತ್ತೆ ಎರಡೂ ಪರೀಕ್ಷೆ ಮಾಡಬೇಕು.

ವಾಲ್ವು ಮಾಡಲಾರದ ಕೆಲಸ

ಬಚ್ಚಲಲ್ಲಿ ಬಕೆಟ್ಟಿಗೆ ಬೇರೆ ಬಿಸಿನೀರಿನ ನಳ ಇದೆಯೇ? ಶಾವರಿನ ವಾಲ್ವು ಅದನ್ನು ಕಾಯುವುದಿಲ್ಲ. ಅಲ್ಲಿ 65 ಡಿಗ್ರಿಯ ನೀರೇ ಬರುತ್ತದೆ. ಅಲ್ಲಿ ನಮ್ಮ ಹಳೆಯ ಪದ್ಧತಿಯೇ ಬೇಕು. ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಆಮೇಲೆ ಕೈ.

ನಮ್ಮ ಕಡೆಯ ಬೇಸಿಗೆಯಲ್ಲಿ ಮಾಳಿಗೆ ಮೇಲಿನ ತೊಟ್ಟಿಯ ನೀರೇ ಮಧ್ಯಾಹ್ನ ಕಾದಿರುತ್ತದೆ. ವಾಲ್ವು ಅದನ್ನು ತಣ್ಣಗೆ ಮಾಡಲಾರದು. ಅದು ಬೆರೆಸುತ್ತದೆ ಅಷ್ಟೇ. ತೊಟ್ಟಿಗೆ ನೆರಳು ಮಾಡಿಸಬೇಕು, ಇಲ್ಲವೇ ಬೆಳಿಗ್ಗೆ ಜಳಕ ಮಾಡಬೇಕು.

ಇಷ್ಟಾಗಿಯೂ ಯಾರಿಗಾದರೂ ಸುಟ್ಟರೆ ತಕ್ಷಣ ಬಿಸಿನೀರಿನಿಂದ ಆಚೆ ತರಬೇಕು. ಒದ್ದೆ ಬಟ್ಟೆ, ಬಳೆ, ಉಂಗುರ ತೆಗೆಯಬೇಕು. ಮೈಗೆ ಅಂಟಿದ ಬಟ್ಟೆಯನ್ನು ಕೀಳಬಾರದು. ಸುಟ್ಟ ಜಾಗಕ್ಕೆ 20 ನಿಮಿಷ ತಣ್ಣೀರು ಬಿಡಬೇಕು. ಅರಿಶಿಣ, ಟೂತ್‌ಪೇಸ್ಟ್, ಬರ್ಫ ಹಚ್ಚಬಾರದು. ಸುಟ್ಟದ್ದು ಮಗುವಾದರೆ ದವಾಖಾನೆಗೆ ಕರೆದೊಯ್ಯಲೇಬೇಕು.

ಇವತ್ತೇ ಮಾಳಿಗೆ ಹತ್ತಿ ನೋಡಿರಿ. ಬಿಸಿನೀರಿನ ಪೈಪು ಎಲ್ಲಿಂದ ಇಳಿದಿದೆ? ತಣ್ಣೀರಿನ ಪೈಪು ಎಲ್ಲಿಂದ ಇಳಿದಿದೆ? ಎರಡಕ್ಕೂ ತೊಟ್ಟಿ ಒಂದೆಯೇ? ನಡುವೆ ಪಂಪು ಇದೆಯೇ? ನೋಡಿದ್ದನ್ನು ಒಂದು ಹಾಳೆಯ ಮೇಲೆ ಬರೆದಿಡಿರಿ. ಮಿಸ್ತ್ರಿ ಬಂದಾಗ ಆ ಹಾಳೆ ಕೈಯಲ್ಲಿರಲಿ.