ಇರಬೇಕಾದದ್ದು ಎಷ್ಟು?

1952ರ ಆಗಸ್ಟ್ ತಿಂಗಳು. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹಬ್ಬಿತ್ತು. ಬ್ಲೆಗ್‌ಡಾಮ್ ಆಸ್ಪತ್ರೆಗೆ ಬರುತ್ತಿದ್ದ ಮಕ್ಕಳಲ್ಲಿ ಅನೇಕರಿಗೆ ಉಸಿರಾಟದ ಸ್ನಾಯುಗಳೇ ಸೋತುಹೋಗಿದ್ದವು. ಅವರ ರಕ್ತದಲ್ಲಿ ಆಗ ಅಳೆಯುತ್ತಿದ್ದದ್ದು ಒಟ್ಟು ಕಾರ್ಬನ್ ಡೈಆಕ್ಸೈಡನ್ನು. ಅದರಲ್ಲಿ ಹೆಚ್ಚಿನ ಪಾಲು ಬೈಕಾರ್ಬನೇಟ್ ಎಂಬ ಕ್ಷಾರ. ಅದು ಹೆಚ್ಚಾಗಿದ್ದುದರಿಂದ ರಕ್ತ ಕ್ಷಾರೀಯವಾಗಿದೆ ಎಂದೇ ವೈದ್ಯರು ತಿಳಿದಿದ್ದರು.

ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಇದನ್ನು ಒಪ್ಪಲಿಲ್ಲ. ಉಸಿರು ಸಾಲದೆ ಕಾರ್ಬನ್ ಡೈಆಕ್ಸೈಡ್ ಒಳಗೇ ಉಳಿದಿದೆ, ಮಕ್ಕಳು ಮುಳುಗುತ್ತಿರುವುದು ಆಮ್ಲದಲ್ಲಿ ಎಂದರು. ಪ್ರಯೋಗಾಲಯದ ಪೌಲ್ ಆಸ್ಟ್ರೂಪ್ ರಕ್ತದ ಪಿಎಚ್ ಅಳೆದಾಗ ಇಬ್ಸೆನ್ ಹೇಳಿದ್ದೇ ನಿಜವಾಯಿತು. ಗಂಟಲಿಗೆ ನಳಿಕೆ ಹಾಕಿ, ರಬ್ಬರ್ ಚೀಲ ಒತ್ತಿ ಗಾಳಿ ಕೊಡುವ ಕೆಲಸ ಶುರುವಾಯಿತು. ಪಾಳಿಯ ಮೇಲೆ ಬಂದು ಆ ಚೀಲಗಳನ್ನು ಒತ್ತಿದವರು ವೈದ್ಯಕೀಯ ವಿದ್ಯಾರ್ಥಿಗಳು.

ಒಂಟಿ ಅಂಕಿಯನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ಇಂದು ಮಣಿಕಟ್ಟಿನ ಅಪಧಮನಿಯಿಂದ ತೆಗೆದ ಒಂದೆರಡು ಮಿಲಿಲೀಟರ್ ರಕ್ತ ಕೆಲವೇ ನಿಮಿಷಗಳಲ್ಲಿ ಎಬಿಜಿ ವರದಿಯಾಗಿ ಕೈಗೆ ಬರುತ್ತದೆ. ಆದರೂ ಅದೇ ತಪ್ಪಿಗೆ ಈಗಲೂ ಅವಕಾಶವಿದೆ.

ವರದಿಯಲ್ಲಿ ಮೊದಲು ನೋಡಬೇಕಾದವು ಮೂರು ಅಂಕಿಗಳು. ಪಿಎಚ್ 7.35ರಿಂದ 7.45ರ ಒಳಗಿರಬೇಕು. ಅದಕ್ಕಿಂತ ಇಳಿದರೆ ಆಮ್ಲದ ಕಡೆಗೆ, ಏರಿದರೆ ಕ್ಷಾರದ ಕಡೆಗೆ ವಾಲಿದೆ ಎಂದರ್ಥ. ಕಾರ್ಬನ್ ಡೈಆಕ್ಸೈಡಿನ ಒತ್ತಡ 35ರಿಂದ 45 ಮಿಲಿಮೀಟರ್ ಇರಬೇಕು. ಇದು ಆಮ್ಲದ ಪಕ್ಷ, ಇದರ ಹಿಡಿತ ಶ್ವಾಸಕೋಶದ ಕೈಯಲ್ಲಿದೆ. ಬೈಕಾರ್ಬನೇಟ್ 22ರಿಂದ 26 ಇರಬೇಕು. ಇದು ಕ್ಷಾರದ ಪಕ್ಷ, ಇದನ್ನು ನೋಡಿಕೊಳ್ಳುವುದು ಮೂತ್ರಪಿಂಡ. ಪಿಎಚ್ ಇಳಿದಿದ್ದರೆ ಇಬ್ಬರಲ್ಲಿ ಒಬ್ಬರು ಕಾರಣ: ಒಂದೋ ಕಾರ್ಬನ್ ಡೈಆಕ್ಸೈಡ್ ಏರಿದೆ, ಇಲ್ಲವೇ ಬೈಕಾರ್ಬನೇಟ್ ಕುಸಿದಿದೆ. ಮೊದಲನೆಯದು ಉಸಿರಾಟದ ಆಸಿಡೋಸಿಸ್, ಎರಡನೆಯದು ಮೆಟಬಾಲಿಕ್ ಆಸಿಡೋಸಿಸ್.

ಇಷ್ಟನ್ನು ಯಾರಾದರೂ ಬೇಗ ಕಲಿಯುತ್ತಾರೆ. ಮುಖ್ಯವಾದ ಪ್ರಶ್ನೆ ಬರುವುದು ಇದಾದ ಮೇಲೆ. ಒಬ್ಬರು ತಪ್ಪಿದಾಗ ಇನ್ನೊಬ್ಬರು ಸರಿದೂಗಿಸಲು ಹೊರಡುತ್ತಾರೆ. ಅವರು ಎಷ್ಟು ದೂರ ಹೋಗಬೇಕಿತ್ತು, ಅಷ್ಟು ದೂರ ಹೋಗಿದ್ದಾರೆಯೇ?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹತ್ತೊಂಬತ್ತು ವರ್ಷದ ಹುಡುಗಿ, ಟೈಪ್ 1 ಸಕ್ಕರೆ ಕಾಯಿಲೆ. ಮೂರು ದಿನ ಇನ್ಸುಲಿನ್ ತಪ್ಪಿದೆ. ವಾಂತಿ, ಹೊಟ್ಟೆನೋವು, ಒಣಗಿದ ನಾಲಿಗೆ. ಓಡಿ ಬಂದವಳಂತೆ ಆಳವಾಗಿ, ಬಿಡುವಿಲ್ಲದೆ ಉಸಿರಾಡುತ್ತಿದ್ದಾಳೆ. ಎಬಿಜಿಯಲ್ಲಿ ಪಿಎಚ್ 7.22, ಕಾರ್ಬನ್ ಡೈಆಕ್ಸೈಡ್ 20, ಬೈಕಾರ್ಬನೇಟ್ 8.

ಪಿಎಚ್ ಇಳಿದಿದೆ, ಆದ್ದರಿಂದ ಆಮ್ಲ. ಕಾರ್ಬನ್ ಡೈಆಕ್ಸೈಡ್ ಕಡಿಮೆಯಿದೆ, ಆದ್ದರಿಂದ ತಪ್ಪು ಅದರದ್ದಲ್ಲ. ಬೈಕಾರ್ಬನೇಟ್ ಕುಸಿದಿದೆ, ಆದ್ದರಿಂದ ಇದು ಮೆಟಬಾಲಿಕ್ ಆಸಿಡೋಸಿಸ್. ಈಗ ಉಸಿರಿನ ಲೆಕ್ಕ. ವಿಂಟರ್ಸ್ ಸೂತ್ರದ ಪ್ರಕಾರ ಬೈಕಾರ್ಬನೇಟನ್ನು 1.5ರಿಂದ ಗುಣಿಸಿ 8 ಕೂಡಿಸಿದರೆ, ಈ ಸ್ಥಿತಿಯಲ್ಲಿ ಇರಬೇಕಾದ ಕಾರ್ಬನ್ ಡೈಆಕ್ಸೈಡ್ ಸಿಗುತ್ತದೆ. ಎರಡು ಹೆಚ್ಚುಕಡಿಮೆ ಆಗಬಹುದು. ಎಂಟನ್ನು ಒಂದೂವರೆಯಿಂದ ಗುಣಿಸಿದರೆ 12, ಎಂಟು ಸೇರಿಸಿದರೆ 20. ಅವಳಲ್ಲಿ ಇರುವುದೂ 20. ಆ ಓಡುವ ಉಸಿರು ಶ್ವಾಸಕೋಶದ ಕಾಯಿಲೆಯಲ್ಲ, ದೇಹ ಮಾಡುತ್ತಿರುವ ಸರಿಯಾದ ಕೆಲಸ.

ಆಮ್ಲ ಎಲ್ಲಿಂದ ಬಂತು ಎಂಬುದಕ್ಕೆ ಆನಯಾನ್ ಗ್ಯಾಪ್ ನೋಡಬೇಕು. ಸೋಡಿಯಂನಿಂದ ಕ್ಲೋರೈಡ್ ಮತ್ತು ಬೈಕಾರ್ಬನೇಟ್ ಎರಡನ್ನೂ ಕಳೆದರೆ ಉಳಿಯುವುದೇ ಇದು. ಸಾಮಾನ್ಯವಾಗಿ 8ರಿಂದ 12ರಷ್ಟಿರುತ್ತದೆ. ಇವಳ ಸೋಡಿಯಂ 134, ಕ್ಲೋರೈಡ್ 98. ಕಳೆದರೆ ಗ್ಯಾಪ್ 28. ಲೆಕ್ಕಕ್ಕೆ ಸಿಗದ ಆಮ್ಲವೊಂದು ರಕ್ತದಲ್ಲಿ ಸೇರಿಕೊಂಡಿದೆ ಎಂದಾಯಿತು. ಇನ್ಸುಲಿನ್ ಇಲ್ಲದೆ ಕೊಬ್ಬು ಕರಗಿ ಹುಟ್ಟಿದ ಕೀಟೋನ್ ಆಮ್ಲ ಅದು. ಅದೇ ಬೇಧಿಯಿಂದ ಬೈಕಾರ್ಬನೇಟ್ ಹರಿದುಹೋಗಿದ್ದರೆ ಕ್ಲೋರೈಡ್ ಏರಿ, ಗ್ಯಾಪ್ ಇದ್ದಲ್ಲೇ ಇರುತ್ತಿತ್ತು.

ದ್ರವ, ಇನ್ಸುಲಿನ್ ಶುರುವಾಗುತ್ತದೆ. ಕೆಲವು ಗಂಟೆಗಳ ನಂತರ ಹುಡುಗಿ ಸ್ವಲ್ಪ ಶಾಂತವಾಗಿದ್ದಾಳೆ, ಉಸಿರಿನ ಓಟ ಕಡಿಮೆಯಾಗಿದೆ, ಮಂಪರು ಬಂದಂತಿದೆ. ಮನೆಯವರಿಗೆ ಸಮಾಧಾನ. ಎರಡನೆಯ ಎಬಿಜಿ ಬರುತ್ತದೆ: ಕಾರ್ಬನ್ ಡೈಆಕ್ಸೈಡ್ 30, ಬೈಕಾರ್ಬನೇಟ್ ಇನ್ನೂ 8, ಪಿಎಚ್ 7.05.

ಮೂವತ್ತು ಎಂಬುದು ಮಾಮೂಲಿಗಿಂತ ಕಡಿಮೆಯೇ. ಮುದ್ರಿತ ಮಿತಿಯೊಂದನ್ನೇ ನೋಡುವವರು, ಉಸಿರು ಇನ್ನೂ ಆಮ್ಲವನ್ನು ಹೊರಹಾಕುತ್ತಿದೆ ಎನ್ನುತ್ತಾರೆ. ಆದರೆ ಅವಳಿಗೆ ಬೇಕಾದದ್ದು 20. ಇರುವುದು ಅದಕ್ಕಿಂತ 10 ಹೆಚ್ಚು. ಅಂದರೆ ಮೆಟಬಾಲಿಕ್ ಆಸಿಡೋಸಿಸ್ ಜೊತೆಗೆ ಈಗ ಉಸಿರಾಟದ ಆಸಿಡೋಸಿಸ್ ಕೂಡ ಸೇರಿದೆ. ಅವಳು ಶಾಂತವಾಗಿಲ್ಲ, ದಣಿದಿದ್ದಾಳೆ. ದಣಿವೋ, ನ್ಯುಮೋನಿಯಾವೋ, ಮೆದುಳಿನ ಊತವೋ ಎಂದು ಆ ಕ್ಷಣವೇ ಹುಡುಕಬೇಕು.

ಯಂತ್ರದ ಉಸಿರಾಟ ಬೇಕಾದರೆ ಅಲ್ಲೂ ಇದೇ ಲೆಕ್ಕ ಕಾಯುತ್ತದೆ. ಕಾರ್ಬನ್ ಡೈಆಕ್ಸೈಡನ್ನು 24ರಿಂದ ಗುಣಿಸಿ ಬೈಕಾರ್ಬನೇಟಿನಿಂದ ಭಾಗಿಸಿದರೆ ಹೈಡ್ರೋಜನ್ ಅಯಾನಿನ ಪ್ರಮಾಣ, ನ್ಯಾನೊಮೋಲ್‌ನಲ್ಲಿ, ಸಿಗುತ್ತದೆ. ಆರೋಗ್ಯವಂತರಲ್ಲಿ ಇದು 40. ಹುಡುಗಿಯಲ್ಲಿ ಮೊದಲು 60 ಇತ್ತು, ಈಗ 90. ಯಂತ್ರವನ್ನು ಎಲ್ಲರಿಗೂ ಇಡುವಂತೆ ಇಟ್ಟು ಕಾರ್ಬನ್ ಡೈಆಕ್ಸೈಡನ್ನು ‘ನಾರ್ಮಲ್’ 40ಕ್ಕೆ ತಂದರೆ 120 ಆಗುತ್ತದೆ, ಪಿಎಚ್ 6.92ಕ್ಕೆ ಬೀಳುತ್ತದೆ. ಅವಳು ತಾನಾಗಿ ಉಸಿರಾಡುತ್ತಿದ್ದ ವೇಗ, ಆಳಗಳಿಗೆ ಹತ್ತಿರವಾಗಿ ಯಂತ್ರ ನಡೆಯಬೇಕು.

ಇದೇ ಗುಣಾಕಾರ ವರದಿಯನ್ನೂ ಪರೀಕ್ಷಿಸುತ್ತದೆ. ಬಂದ ಉತ್ತರ ಪಿಎಚ್‌ಗೆ ಹೊಂದದಿದ್ದರೆ ಯಾವುದೋ ಅಂಕಿ ತಪ್ಪಾಗಿ ಬರೆಯಲ್ಪಟ್ಟಿದೆ. ಆದರೆ ಎಬಿಜಿ ಯಂತ್ರ ಬೈಕಾರ್ಬನೇಟನ್ನು ಅಳೆಯುವುದಿಲ್ಲ, ಉಳಿದೆರಡರಿಂದ ಲೆಕ್ಕ ಹಾಕುತ್ತದೆ. ಹಾಗಾಗಿ ಸಿರಿಂಜಿನಲ್ಲೇ ಆದ ತಪ್ಪು ಈ ಪರೀಕ್ಷೆಗೆ ಸಿಗುವುದಿಲ್ಲ. ಹೆಪಾರಿನ್ ದ್ರವ ಹೆಚ್ಚು ಉಳಿದಿದ್ದರೆ ಕಾರ್ಬನ್ ಡೈಆಕ್ಸೈಡ್, ಬೈಕಾರ್ಬನೇಟ್ ಎರಡೂ ಸುಳ್ಳಾಗಿ ಇಳಿದು ಮೆಟಬಾಲಿಕ್ ಆಸಿಡೋಸಿಸ್‌ನಂತೆಯೇ ಕಾಣಬಹುದು. ಅದಕ್ಕೇ ಬೇರೆ ಟ್ಯೂಬಿನಲ್ಲಿ ಕಳಿಸಿದ ರಕ್ತದ ಬೈಕಾರ್ಬನೇಟ್ ಜೊತೆ ತಾಳೆ ನೋಡಬೇಕು.

ವಿಂಟರ್ಸ್ ಸೂತ್ರಕ್ಕೂ ಮಿತಿಗಳಿವೆ. ಅದು ಮೆಟಬಾಲಿಕ್ ಆಸಿಡೋಸಿಸ್‌ಗೆ ಮಾತ್ರ ಸಲ್ಲುತ್ತದೆ. ಉಸಿರು ನಿಮಿಷಗಳಲ್ಲೇ ಎಚ್ಚೆತ್ತುಕೊಂಡರೂ ಪೂರ್ಣ ಮಟ್ಟ ಮುಟ್ಟಲು ಅರ್ಧ ದಿನದಿಂದ ಒಂದು ದಿನ ಬೇಕು. ಈಗಷ್ಟೇ ಫಿಟ್ಸ್ ಬಂದವರಲ್ಲಿ ಲೆಕ್ಕ ಹೊಂದದಿದ್ದರೆ ಅದು ಎರಡನೆಯ ಕಾಯಿಲೆಯೇ ಆಗಬೇಕಿಲ್ಲ. ಮೂತ್ರಪಿಂಡವಂತೂ ಇನ್ನೂ ನಿಧಾನ, ಮೂರರಿಂದ ಐದು ದಿನ ತೆಗೆದುಕೊಳ್ಳುತ್ತದೆ. ಕಾರ್ಬನ್ ಡೈಆಕ್ಸೈಡ್ ಇದ್ದಕ್ಕಿದ್ದಂತೆ 10 ಏರಿದರೆ ಬೈಕಾರ್ಬನೇಟ್ ಏರುವುದು ಕೇವಲ 1. ದಿನಗಟ್ಟಲೆ ಹಾಗೇ ಉಳಿದರೆ ಸುಮಾರು 4. ಕೋಪನ್‌ಹೇಗನ್‌ನ ಮಕ್ಕಳಲ್ಲಿ ಕ್ಷಾರದಂತೆ ಕಂಡದ್ದು ಕಾಯಿಲೆಯಾಗಿರಲಿಲ್ಲ, ಉಸಿರು ಸೋತದ್ದರ ಗುರುತಾಗಿತ್ತು.

ಆದ್ದರಿಂದ ಎಬಿಜಿ ಚೀಟಿ ಕೈಗೆ ಬಂದಾಗ, ಮುದ್ರಿತ ಅಂಕಿಯ ಪಕ್ಕದಲ್ಲಿ ಪೆನ್ನಿನಿಂದ ಇನ್ನೊಂದನ್ನು ಬರೆಯಿರಿ. ‘ಇರುವುದು 30, ಇರಬೇಕಾದದ್ದು 20.’ ಆ ಹುಡುಗಿಯ ಮಂಪರು ನಿದ್ದೆಯಲ್ಲ ಎಂದು ಹೇಳುವುದು ಈ ಎರಡನೆಯ ಅಂಕಿ. ಅದನ್ನು ಯಂತ್ರ ಮುದ್ರಿಸುವುದಿಲ್ಲ.